ಮೂರಕ್ಷರದ ಬೊಮ್ಮ
ಅರೇಬಿಯ ಬರಹದಲ್ಲಿ ಕಾಣದ ಸ್ವರಗಳೂ ಇಂಗ್ಲಿಷಿನ ಅನುವಾದಕನೂ

ದಾವಣಗೆರೆಯ ಶಾಮನೂರು, ಅದರ ನೆರೆಯ ಹರಿಹರ, ಈ ಎರಡು ಊರುಗಳ ಹೆಸರನ್ನು ಅರೇಬೀ ಲಿಪಿಯಲ್ಲಿ ಬರೆಯಬೇಕಾಯಿತೆಂದು ಭಾವಿಸೋಣ. ಬರೆಯುವವನು ಆ ಲಿಪಿಯ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುವ ಹಳೆಯ ಕಾಲದ ಗುಮಾಸ್ತನಾಗಿದ್ದರೆ ಶಾಮನೂರಿಗೆ ಹೆಚ್ಚಿನ ಅಪಾಯವಿಲ್ಲ. ಶಕಾರದ ಮುಂದೆ ‘ಅಲಿಫ್’ ಎಂಬ ಅಕ್ಷರ ನಿಂತು ‘ಶಾ’ ಎಂದು ಸಾರುತ್ತದೆ. ನಕಾರದ ಮುಂದೆ ‘ವಾವ್’ ಎಂಬ ಅಕ್ಷರ ನಿಂತು ‘ನೂ’ ಎಂದು ಸಾರುತ್ತದೆ. ಓದುವವನು ‘ಶಾಮನೂರ್’ ಎಂದೋ ‘ಶಾಮ್‌ನೂರ್’ ಎಂದೋ ಓದಿಯಾನು. ಊರಿನವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಹರಿಹರದ ಗತಿ ಹಾಗಲ್ಲ. ಆ ಹೆಸರಿನಲ್ಲಿರುವ ಸ್ವರಗಳೆಲ್ಲವೂ ಹ್ರಸ್ವ. ಅರೇಬಿಯ ಸಾಮಾನ್ಯ ಬರಹದಲ್ಲಿ ಹ್ರಸ್ವಸ್ವರಕ್ಕೆ ಅಕ್ಷರವಿಲ್ಲ. ಆದುದರಿಂದ ಕಾಗದದ ಮೇಲೆ ಉಳಿಯುವುದು ಹ್, ರ್, ಹ್, ರ್ ಎಂಬ ನಾಲ್ಕು ವ್ಯಂಜನಗಳು ಮಾತ್ರ. ಅದನ್ನು ‘ಹರಿಹರ’ ಎಂದು ಓದಬಹುದು, ‘ಹುರ್‌ಹುರ್’ ಎಂದೂ ಓದಬಹುದು, ‘ಹರಹರ’ ಎಂದೂ ಓದಬಹುದು. ಕೊನೆಯ ಓದಿನಲ್ಲಿ ಹರಿಯು ಮಾಯವಾಗಿ ಹರನೇ ಎರಡು ಸಲ ಉಳಿಯುತ್ತಾನೆ! ಅರ್ಧ ವಿಷ್ಣು, ಅರ್ಧ ಶಿವ ಎಂದು ಶಿಲ್ಪಿಯು ಕಷ್ಟಪಟ್ಟು ಕಡೆದ ಮೂರ್ತಿಯು ಒಂದು ಇಕಾರ ಇಲ್ಲದ ಮಾತ್ರಕ್ಕೆ ಪೂರ್ಣ ಶಿವನಾಗಿಬಿಡುತ್ತದೆ.

ಪರಸ್ಥಳದ ಹೆಸರುಗಳನ್ನು ಬರೆಯುವಾಗ ಓದುಗನ ಮೇಲೆ ಕನಿಕರಪಟ್ಟು ಲಿಪಿಕಾರರು ‘ರಿ’ ಎಂಬಲ್ಲಿ ಒಂದು ‘ಯೇ’ ಅಕ್ಷರವನ್ನು ಸೇರಿಸಿ ‘ಹರೀಹರ’ ಎಂದು ಮಾಡುವುದುಂಟು. ಆದರೆ ಆ ಕನಿಕರವನ್ನು ಎಲ್ಲರಿಂದಲೂ ನಿರೀಕ್ಷಿಸುವಂತಿಲ್ಲ.

ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ನಮ್ಮ ಲಿಪಿಯಲ್ಲಿ ‘ಕ’ ಎಂದು ಬರೆದೊಡನೆಯೇ ಅದರೊಳಗೆ ಅಕಾರವು ಕುಳಿತುಕೊಳ್ಳುತ್ತದೆ. ಬೇರೆ ಸ್ವರ ಬೇಕಾದರೆ ಗುಡಿಸು, ಕೊಂಬು, ಏತ್ವ ಎಂದು ಒಂದೊಂದಕ್ಕೂ ಒಂದೊಂದು ಚಿಹ್ನೆ ಉಂಟು. ಸ್ವರವಿಲ್ಲದ ವ್ಯಂಜನವನ್ನು ಬರೆಯಬೇಕಾದರೇ ನಾವು ಹೆಚ್ಚಿನ ಶ್ರಮಪಡಬೇಕು. ಅರೇಬಿಯಲ್ಲಿಯೂ ಸ್ವರಚಿಹ್ನೆಗಳು ಇಲ್ಲವೆಂದಲ್ಲ. ಅಕ್ಷರದ ಮೇಲೆ ಒಂದು ಓರೆಗೆರೆ ಎಳೆದರೆ ಅಕಾರ, ಕೆಳಗೆ ಎಳೆದರೆ ಇಕಾರ, ಮೇಲೆ ಪುಟ್ಟ ಕೊಕ್ಕೆ ಇಟ್ಟರೆ ಉಕಾರ. ನಮ್ಮ ನಾಡಿನಲ್ಲಿ ಉರ್ದು ಕಲಿಯುವ ಮಕ್ಕಳು ಇವನ್ನೇ ಜಬರ್, ಜೇರ್, ಪೇಶ್ ಎಂದು ಬಾಯಿಪಾಠ ಮಾಡುತ್ತಾರೆ. ವ್ಯಂಜನವು ಒತ್ತಕ್ಷರವಾದಾಗ ಅದರ ಮೇಲೆ ‘ತಶ್ದೀದ್’ ಎಂಬ ಇನ್ನೊಂದು ಗುರುತನ್ನು ಇಡಬೇಕು. ಕುರಾನಿನ ಪ್ರತಿಗಳಲ್ಲಿ, ಮಕ್ಕಳ ಪಾಠಪುಸ್ತಕಗಳಲ್ಲಿ ಈ ಗುರುತುಗಳೆಲ್ಲ ತಪ್ಪದೆ ಇರುತ್ತವೆ. ಆದರೆ ವ್ಯಾಪಾರದ ಕಾಗದ, ಸ್ನೇಹಿತರ ಪತ್ರ, ವೃತ್ತಪತ್ರಿಕೆ, ಕಥೆ, ಚರಿತ್ರೆಯ ಗ್ರಂಥ, ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಭಾಷೆ ಬಲ್ಲವನಿಗೆ ಅವುಗಳ ಅವಶ್ಯಕತೆಯಿಲ್ಲವೆಂಬುದು ಬರೆಯುವವರ ವಾದ. ಬಹುಮಟ್ಟಿಗೆ ಅದು ನಿಜವೂ ಹೌದು.

ನಮ್ಮ ಪೇಟೆಗಳಲ್ಲಿಯೂ ಇಂಥದೊಂದು ಇಲ್ಲದಿರಲಿಲ್ಲ. ಮಾರವಾಡದ ಸಾಹುಕಾರರು ಲೆಕ್ಕ ಬರೆಯುತ್ತಿದ್ದ ಮಹಾಜನೀ ಲಿಪಿಯಲ್ಲಿ ಸ್ವರಗಳನ್ನು ಬಿಟ್ಟುಬಿಡುವ ವಾಡಿಕೆಯಿತ್ತು. ಅದನ್ನು ಕುರಿತ ಹಳೆಯ ಚೇಷ್ಟೆಯ ಕಥೆಯೊಂದು ಉತ್ತರ ದೇಶದಲ್ಲಿ ಪ್ರಸಿದ್ಧ. ಅಂಗಡಿಯಿಂದ ಮನೆಗೆ ಪತ್ರ ಬಂತು. ‘ಕಾಕಾ ಅಜಮೇರಕ್ಕೆ ಹೋದರು’ ಎಂದು ಬರೆದಿದ್ದುದನ್ನು ಓದಿದವನು ‘ಕಾಕಾ ಆಜ್ ಮರ್ ಗಯೇ’, ಎಂದರೆ ‘ಇಂದು ತೀರಿಕೊಂಡರು’ ಎಂದು ಓದಿದನು. ಮನೆಯಲ್ಲಿ ಗೋಳಾಟ ಎದ್ದಿತು. ಕಥೆ ನಡೆದದ್ದೋ ಕಟ್ಟಿದ್ದೋ, ತೊಡಕಿನ ಸ್ವರೂಪವನ್ನಂತೂ ಅದು ಚೆನ್ನಾಗಿ ತಿಳಿಸುತ್ತದೆ.

ಅರೇಬಿಯಲ್ಲಿ ಈ ತೊಡಕು ಒಂದು ಮೆಟ್ಟಿಲು ಹೆಚ್ಚು ಆಳವಾದದ್ದು. ಏಕೆಂದರೆ ಆ ಭಾಷೆಯ ವ್ಯಾಕರಣವೇ ಸ್ವರಗಳ ಮೇಲೆ ನಿಂತಿದೆ. ಶಬ್ದದ ಮೂಲಾರ್ಥವನ್ನು ಮೂರು ವ್ಯಂಜನಗಳು ಹೊರುತ್ತವೆ. ಅವುಗಳ ನಡುವೆ ಬರುವ ಸ್ವರಗಳು ಅದು ಕ್ರಿಯಾಪದವೋ ನಾಮಪದವೋ, ಕರ್ತರಿಯೋ ಕರ್ಮಣಿಯೋ ಎಂಬುದನ್ನು ನಿರ್ಣಯಿಸುತ್ತವೆ. ಕ್, ತ್, ಬ್ ಎಂಬ ಮೂರು ವ್ಯಂಜನಗಳು ಬರಹಕ್ಕೆ ಸಂಬಂಧಿಸಿದವು. ‘ಕತಬ’ ಎಂದರೆ ಬರೆದನು; ‘ಕುತಿಬ’ ಎಂದರೆ ಬರೆಯಲ್ಪಟ್ಟಿತು; ‘ಕುತುಬ್’ ಎಂದರೆ ಪುಸ್ತಕಗಳು; ತಕಾರವನ್ನು ಒತ್ತಿ ‘ಕತ್ತಬ’ ಎಂದರೆ ಬರೆಯಿಸಿದನು. ಈ ನಾಲ್ಕೂ ಕಾಗದದ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಮಾತು ಇಲ್ಲಿಗೇ ನಿಲ್ಲದು. ಕರ್ತೃಪದದ ಕೊನೆಯಲ್ಲಿ ಉಕಾರ, ಕರ್ಮಪದದ ಕೊನೆಯಲ್ಲಿ ಅಕಾರ ಬರುವುದು ಗ್ರಾಂಥಿಕ ಅರೇಬಿಯ ನಿಯಮ. ನಮ್ಮ ಪ್ರಥಮಾ, ದ್ವಿತೀಯಾ ವಿಭಕ್ತಿಗಳ ಕೆಲಸವನ್ನು ಅಲ್ಲಿ ಮಾಡುವುದು ಆ ಪುಟ್ಟ ಸ್ವರ. ಅದೂ ಬರಹದಲ್ಲಿ ಕಾಣದು.

ಒಂದು ವಾಕ್ಯವನ್ನು ಕಟ್ಟಿ ನೋಡಿದರೆ ಅನುವಾದಕನ ಪಾಡು ಅರ್ಥವಾಗುತ್ತದೆ. ‘ಕಳುಹಿಸು’ ಎಂಬರ್ಥದ ಕ್ರಿಯಾಪದ, ಅದರ ಮುಂದೆ ‘ಆಳು’ ಎಂಬ ಪದ, ಅದರ ಮುಂದೆ ‘ಏಡನ್ನಿಗೆ’ ಎಂಬ ಪದ. ಸ್ವರಚಿಹ್ನೆ ಇಲ್ಲದ ಈ ಮೂರು ಮಾತುಗಳನ್ನು ಮೂರು ರೀತಿಯಾಗಿ ಓದಬಹುದು. ಕ್ರಿಯಾಪದವನ್ನು ‘ಬಅಸ’ ಎಂದೂ ಆಳನ್ನು ‘ಗುಲಾಮು’ ಎಂದೂ ಓದಿದರೆ ‘ಆಳು ಏಡನ್ನಿಗೆ ಕಳುಹಿಸಿದನು’ ಎಂದಾಗುತ್ತದೆ. ಆಳನ್ನು ‘ಗುಲಾಮ’ ಎಂದು ಅಕಾರಾಂತವಾಗಿ ಓದಿದರೆ ‘ಅವನು ಆಳನ್ನು ಏಡನ್ನಿಗೆ ಕಳುಹಿಸಿದನು’ ಎಂದಾಗುತ್ತದೆ. ಕ್ರಿಯಾಪದವನ್ನೇ ‘ಬುಇಸ’ ಎಂದು ಓದಿದರೆ ‘ಆಳು ಏಡನ್ನಿಗೆ ಕಳುಹಿಸಲ್ಪಟ್ಟನು’ ಎಂದಾಗುತ್ತದೆ. ಮೊದಲನೆಯದರಲ್ಲಿ ಆಳು ಮನೆಯಲ್ಲಿಯೇ ಕುಳಿತು ಏನನ್ನೋ ರವಾನಿಸಿದ್ದಾನೆ. ಉಳಿದೆರಡರಲ್ಲಿ ಅವನೇ ಹಡಗನ್ನೇರಿದ್ದಾನೆ.

ಅರಬನೊಬ್ಬನು ಇದನ್ನು ಓದುವಾಗ ಅರ್ಧ ಕ್ಷಣ ತಡೆದು ಮುಂದೆ ಸಾಗಬಹುದು. ಸಂದೇಹವನ್ನು ಮನಸ್ಸಿನಲ್ಲಿಯೇ ಇರಿಸಿಕೊಂಡು ಪತ್ರವನ್ನು ಮುಗಿಸಬಹುದು. ಇಂಗ್ಲಿಷಿಗೆ ಅನುವಾದಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಇಂಗ್ಲಿಷಿನಲ್ಲಿ ಕರ್ತೃವು ಕ್ರಿಯಾಪದದ ಹಿಂದೆಯೂ ಕರ್ಮವು ಮುಂದೆಯೂ ನಿಲ್ಲಲೇಬೇಕು. ‘ಕಳುಹಿಸಿದನು’ ಎನ್ನಬೇಕೋ ‘ಕಳುಹಿಸಲ್ಪಟ್ಟನು’ ಎನ್ನಬೇಕೋ ಎಂಬುದನ್ನು ಲೇಖನಿ ಎತ್ತುವ ಮೊದಲೇ ತೀರ್ಮಾನಿಸಬೇಕು. ಆದುದರಿಂದ ಅವನು ಮುಂದಿನ ವಾಕ್ಯವನ್ನು ಓದದೆ ಹಿಂದಿನ ವಾಕ್ಯವನ್ನು ಬರೆಯುವುದಿಲ್ಲ. ಮುಂದೆ ‘ಸುರಕ್ಷಿತನಾಗಿ ತಲುಪಿದನು’ ಎಂದಿದ್ದರೆ ಹಡಗನ್ನೇರಿದವನು ಆಳೇ ಎಂಬುದು ಖಚಿತವಾಗಿ ಮೊದಲನೆಯ ಓದು ಬಿದ್ದುಹೋಗುತ್ತದೆ. ಇಲ್ಲಿ ಇನ್ನೊಂದು ಸಣ್ಣ ಸಹಾಯವೂ ಉಂಟು. ‘ಸುರಕ್ಷಿತನಾಗಿ’ ಎಂಬರ್ಥದ ‘ಸಾಲಿಮನ್’ ಎಂಬ ಪದದ ಕೊನೆಯಲ್ಲಿ ಒಂದು ಅಲಿಫ್ ಕಾಗದದ ಮೇಲೆಯೇ ಬರುತ್ತದೆ; ಅದು ಕ್ರಿಯಾವಿಶೇಷಣವೆಂಬುದನ್ನು ಆ ಅಲಿಫ್ ಒಪ್ಪಿಸಿಬಿಡುತ್ತದೆ. ಅಡಗಿರುವ ಸ್ವರವನ್ನು ಹಿಡಿಯುವುದು ಹೀಗೆ ಕಣ್ಣಿಗೆ ಕಾಣುವ ಅಕ್ಷರಗಳ ಸಾಕ್ಷ್ಯದಿಂದಲೇ.

ಉಳಿದ ಎರಡು ಓದುಗಳಲ್ಲಿ ಆರಿಸುವುದಕ್ಕೆ ಹಿಂದಿನ ವಾಕ್ಯವನ್ನು ನೋಡಬೇಕು. ಅಲ್ಲಿ ಯಜಮಾನನ ಮಾತು ಬಂದಿದ್ದರೆ ‘ಅವನು ಆಳನ್ನು ಕಳುಹಿಸಿದನು’ ಎನ್ನುವುದು ಸರಿ. ಯಾರ ಮಾತೂ ಇಲ್ಲದಿದ್ದರೆ ಜಾಣನಾದ ಅನುವಾದಕನು ಕರ್ಮಣಿ ಪ್ರಯೋಗವನ್ನು ಆಶ್ರಯಿಸುತ್ತಾನೆ. ‘ಕಳುಹಿಸಲ್ಪಟ್ಟನು’ ಎಂದರೆ ಕಳುಹಿಸಿದವನು ಯಾರೆಂಬುದನ್ನು ಹೇಳಿದಂತಾಗುವುದಿಲ್ಲ, ಸುಳ್ಳನ್ನೂ ಹೇಳಿದಂತಾಗುವುದಿಲ್ಲ. ಆದರೆ ಆಳಿನ ಸಂಗಡ ಮೂಟೆಗಳೂ ಹೋಗಿದ್ದು, ಅವುಗಳ ಸುಂಕವನ್ನು ಯಾರು ತೆರಬೇಕೆಂಬುದು ಪತ್ರದ ಮುಖ್ಯ ವಿಷಯವಾಗಿದ್ದರೆ ಈ ಜಾಣತನ ಸಲ್ಲದು. ಆಗ ಒಂದನ್ನು ಪಠ್ಯದಲ್ಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುವುದೇ ಪ್ರಾಮಾಣಿಕರ ದಾರಿ.

ಇಷ್ಟಾದರೂ ಇವೆಲ್ಲ ಭಾಷೆಯ ಒಳಗಿನ ಪದಗಳು. ವ್ಯಾಕರಣವುಂಟು, ನಿಘಂಟುವುಂಟು, ಹಿಂದುಮುಂದಿನ ಸಂದರ್ಭವುಂಟು. ಮೂರೂ ಸೇರಿ ಸ್ವರವನ್ನು ಹುಡುಕಿಕೊಡುತ್ತವೆ. ಈ ಮೂರೂ ಕೈಕೊಡುವ ಜಾಗವೆಂದರೆ ಹೆಸರುಗಳು. ಅದರಲ್ಲಿಯೂ ಅರಬರಲ್ಲದವರ ಹೆಸರುಗಳು. ಇಂಥದೊಂದು ಹೆಸರಿನ ಕಥೆ ನಮ್ಮ ನಾಡಿನದೇ ಆಗಿರುವುದರಿಂದ ಅದನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಾಗಿದೆ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜೂ ಎಂಬ ಯೆಹೂದಿ ವ್ಯಾಪಾರಿಯೊಬ್ಬನು ಮಂಗಳೂರಿನಲ್ಲಿದ್ದನು. ಅವನ ಹುಟ್ಟೂರು ಆಫ್ರಿಕದ ಉತ್ತರ ತೀರದ ಮಹ್ದಿಯಾ. ಸುಮಾರು 1132ರಿಂದ 1149ರವರೆಗೆ ಅವನು ನಮ್ಮ ಕರಾವಳಿಯಲ್ಲಿ ನೆಲೆಸಿ ಮೆಣಸು, ಅಡಕೆ ಮೊದಲಾದುವನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದನು. ಏಡನ್ನಿನ ಗೆಳೆಯರು ಅವನಿಗೆ ಬರೆದ ಪತ್ರಗಳು ಅವನೊಡನೆಯೇ ಪಶ್ಚಿಮಕ್ಕೆ ಹೋಗಿ, ಕಡೆಗೆ ಹಳೆಯ ಕೈರೋ ನಗರದ ಒಂದು ಯೆಹೂದಿ ಮಂದಿರದ ಕಾಗದದ ಕೋಣೆಯನ್ನು ಸೇರಿದವು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬುದು ಆ ಜನರ ನಂಬಿಕೆ. ಆ ನಂಬಿಕೆಯಿಂದಾಗಿ ಏಳೆಂಟು ನೂರು ವರ್ಷಗಳ ರದ್ದಿಯೆಲ್ಲ ಅಲ್ಲಿ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ವಾಂಸರ ಕೈಗೆ ಸಿಕ್ಕಿತು. ಪತ್ರಗಳ ಭಾಷೆ ಅರೇಬಿ. ಬರೆದಿರುವ ಲಿಪಿ ಮಾತ್ರ ಹೀಬ್ರೂ. ಆದರೆ ಅದರಿಂದ ಓದುಗನಿಗೆ ಏನೂ ಸುಖವಿಲ್ಲ. ಹೀಬ್ರೂ ಲಿಪಿಯೂ ಅರೇಬಿಯಂತೆಯೇ ವ್ಯಂಜನಗಳ ಲಿಪಿ. ಅಲ್ಲಿಯೂ ಹ್ರಸ್ವಸ್ವರವನ್ನು ಬರೆಯುವ ವಾಡಿಕೆಯಿಲ್ಲ.

ಈ ಪತ್ರಗಳಲ್ಲಿ ಬೆನ್ ಯಿಜೂವಿನ ಆಳೊಬ್ಬನ ಹೆಸರು ಬರುತ್ತದೆ. ದೊಡ್ಡ ವ್ಯಾಪಾರಿಯಾದ ಖಲಫ್ ಇಬ್ನ್ ಇಸ್ಹಾಖನು ಏಡನ್ನಿನಿಂದ 1148ರಲ್ಲಿ ಬರೆದ ಕಾಗದದಲ್ಲಿ ಆ ಆಳಿಗೂ ಮರೆಯದೆ ವಂದನೆಗಳನ್ನು ತಿಳಿಸಿದ್ದಾನೆ. ಇದರಿಂದ ಆತನು ಸಾಮಾನ್ಯ ಆಳಲ್ಲ, ಯಜಮಾನನ ವ್ಯಾಪಾರವನ್ನು ನಡೆಸುತ್ತಿದ್ದ ನಂಬಿಕೆಯ ಮನುಷ್ಯನೆಂದು ಊಹಿಸಬಹುದು. ಆ ಪತ್ರವು 1942ರಲ್ಲಿ ಅಚ್ಚಾಯಿತು. ಅದೇ ಖಲಫನ ಇನ್ನೊಂದು ಪತ್ರವನ್ನು ಎಸ್. ಡಿ. ಗೊಯ್ಟೀನ್ ಎಂಬ ಮಹಾ ವಿದ್ವಾಂಸರು ಇಂಗ್ಲಿಷಿಗೆ ಅನುವಾದಿಸಿ 1973ರಲ್ಲಿ ಪ್ರಕಟಿಸಿದರು.

ಹಸ್ತಪ್ರತಿಯಲ್ಲಿ ಆಳಿನ ಹೆಸರು ಮೂರೇ ಅಕ್ಷರ: ಬ್, ಮ್, ಹ್. ಕೊನೆಯ ಹಕಾರವನ್ನು ಉಚ್ಚರಿಸಬೇಕಾಗಿಲ್ಲ. ಹೆಸರು ಅಕಾರದಲ್ಲಿ ಮುಗಿಯುತ್ತದೆಂಬುದಕ್ಕೆ ಅದು ಗುರುತು. ಉಳಿದದ್ದು ಬಕಾರ, ಮಕಾರ. ಇವೆರಡರ ನಡುವೆ ಇದ್ದ ಸ್ವರ ಯಾವುದು? ಮಕಾರವು ಒಂಟಿಯೋ ಜೋಡಿಯೋ? ಕಾಗದವು ಎರಡು ಪ್ರಶ್ನೆಗಳಿಗೂ ಮೌನ. ಆದರೆ ಮೌನವೂ ಸ್ವಲ್ಪ ಮಾತನಾಡುತ್ತದೆ. ಸ್ವರವು ದೀರ್ಘವಾಗಿದ್ದಿದ್ದರೆ ಅದಕ್ಕೊಂದು ಅಕ್ಷರ ಇರಬೇಕಾಗಿತ್ತು. ‘ಭೀಮ’ ಎಂದಾಗಿದ್ದರೆ ನಡುವೆ ಯಕಾರವು ಬರಬೇಕಾಗಿತ್ತು. ‘ಭೂಮ’ ಎಂದಾಗಿದ್ದರೆ ವಕಾರವು ಬರಬೇಕಾಗಿತ್ತು. ಯಾವುದೂ ಬಂದಿಲ್ಲ. ಆದುದರಿಂದ ಸ್ವರವು ಹ್ರಸ್ವವೆಂದು ನಂಬಬಹುದು. ಈಗ ಉಳಿಯುವ ಓದುಗಳು ಆರು: ಬಮ, ಬಮ್ಮ, ಬಿಮ, ಬಿಮ್ಮ, ಬುಮ, ಬುಮ್ಮ. ಅರೇಬಿಯಲ್ಲಿ ಹ್ರಸ್ವ ಒಕಾರಕ್ಕೆ ಪ್ರತ್ಯೇಕ ಗುರುತೇ ಇಲ್ಲ. ಉಕಾರವೇ ಅದಕ್ಕೂ ನಿಲ್ಲಬೇಕು. ಎಂದಮೇಲೆ ‘ಬುಮ್ಮ’ ಎಂಬ ಓದಿನ ಬಟ್ಟೆಯೊಳಗೆ ‘ಬೊಮ್ಮ’ನೂ ಅಡಗಿರಬಹುದು.

ಗೊಯ್ಟೀನರು ‘ಬಾಮಾ’ ಎಂದು ಓದಲು ಆಸ್ಪದವಿರುವ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಬರೆದರು. ಅದು ‘ಬ್ರಹ್ಮ’ ಎಂಬುದರ ಆಡುಮಾತಿನ ರೂಪವೆಂಬ ವಿವರಣೆಯನ್ನೂ ತಜ್ಞರ ಸಲಹೆಯಂತೆ ಸೇರಿಸಿದರು. ಇದು ಅಜಾಗರೂಕತೆಯ ಫಲವಲ್ಲ. ಬೇರೆ ಸಾಕ್ಷ್ಯವಿಲ್ಲದಾಗ ಅಕಾರವನ್ನು ತುಂಬುವುದು, ತಶ್ದೀದ್ ಕಾಣದಿದ್ದಾಗ ವ್ಯಂಜನವನ್ನು ಒಂಟಿಯಾಗಿಯೇ ಬಿಡುವುದು ಪಂಡಿತರು ಹಿಡಿಯುವ ಅತ್ಯಂತ ಮಿತವಾದ ಮಾರ್ಗ. ಮೂಲಶಬ್ದವು ಬ್ರಹ್ಮವೆಂಬ ಊಹೆಯೂ ಸರಿಯಾಗಿಯೇ ಇತ್ತು. ಆದರೆ ‘ಬಾಮಾ’ ಎಂದರೆ ಮಂಗಳೂರಿನ ಬೀದಿಯಲ್ಲಿ ಯಾರೂ ಓಗೊಡುವಂತಿರಲಿಲ್ಲ.

ಹೆಸರಿಗೆ ಜೀವ ಬಂದದ್ದು ಅನಂತರ. ಬಂಗಾಳದ ಮನೆತನದ ಲೇಖಕ ಅಮಿತಾವ ಘೋಷರು ಈ ಆಳಿನ ಬೆನ್ನು ಹತ್ತಿ, ಈಜಿಪ್ತಿನ ಹಳ್ಳಿಯಲ್ಲಿ ಅರೇಬಿಯನ್ನು ಕಲಿತು, ಹಸ್ತಪ್ರತಿಗಳನ್ನು ಓದಿ, ಕಡೆಗೆ ಮಂಗಳೂರಿಗೇ ಬಂದರು. ಅಲ್ಲಿ ಪ್ರೊ. ಬಿ. ಎ. ವಿವೇಕ ರೈಯವರ ಮುಂದೆ ಆ ಮೂರಕ್ಷರವನ್ನು ಇಟ್ಟರು. ಅರೇಬಿಯ ಪಂಡಿತರಿಗೆ ಒಗಟಾಗಿದ್ದುದು ಕನ್ನಡ, ತುಳು ಬಲ್ಲವರಿಗೆ ಒಗಟಾಗಲಿಲ್ಲ. ಸಂಸ್ಕೃತದ ‘ಬ್ರಹ್ಮ’ವು ನಮ್ಮಲ್ಲಿ ‘ಬೊಮ್ಮ’ ಆಗುತ್ತದೆ; ತುಳುನಾಡಿನಲ್ಲಿ ಬೆರ್ಮೆರ್ ಎಂಬ ದೈವದ ಆರಾಧನೆಯೇ ಉಂಟು. ಬೊಮ್ಮ, ಬೊಮ್ಮಣ್ಣ, ಬೊಮ್ಮಯ್ಯ ಎಂಬ ಹೆಸರುಗಳು ಆ ಕಾಲದ ಜನರಲ್ಲಿ ಧಾರಾಳ. ಬಸವಣ್ಣನವರ ಸಮಕಾಲೀನನಾದ ಕಿನ್ನರಿ ಬೊಮ್ಮಯ್ಯನ ಹೆಸರನ್ನು ಕೇಳದ ಕನ್ನಡಿಗರು ಕಡಮೆ. ಅವನೂ ಅದೇ ಶತಮಾನದವನು. ಹೀಗೆ 1992ರಲ್ಲಿ ಪ್ರಕಟವಾದ ಘೋಷರ ಇಂಗ್ಲಿಷ್ ಗ್ರಂಥದಲ್ಲಿ ಆ ಆಳು ‘ಬೊಮ್ಮ’ನಾದನು.

ಇಲ್ಲಿ ನಡೆದ ಕೆಲಸದ ಕ್ರಮವನ್ನು ಗಮನಿಸಬೇಕು. ವಾಕ್ಯದಲ್ಲಿ ಕಾಣದ ಸ್ವರವನ್ನು ಅನುವಾದಕನು ಅರೇಬಿಯ ವ್ಯಾಕರಣದಿಂದ ತುಂಬುತ್ತಾನೆ. ಹೆಸರಿನಲ್ಲಿ ಕಾಣದ ಸ್ವರಕ್ಕೆ ಅರೇಬಿಯಲ್ಲಿ ಉತ್ತರವೇ ಇಲ್ಲ. ಹೆಸರಿದ್ದವನ ಊರಿಗೆ ಹೋಗಿ ಅವನ ತಾಯಿಯು ಅವನನ್ನು ಹೇಗೆ ಕೂಗಿದ್ದಾಳೆಂದು ವಿಚಾರಿಸಬೇಕು. ಎಂಟುನೂರು ವರ್ಷಗಳಾದ ಮೇಲೆ ತಾಯಿಯ ಬದಲು ಶಾಸನಗಳನ್ನೂ ಜನಪದವನ್ನೂ ಬಲ್ಲ ವಿದ್ವಾಂಸರು ಸಿಕ್ಕಿದ್ದು ಭಾಗ್ಯವೆನ್ನಬೇಕು. ಒಂದು ಸ್ವರ, ಒಂದು ಒತ್ತು, ಇಷ್ಟು ಬದಲಾದುದರಿಂದ ಎಲ್ಲಿಯವನೆಂದು ತಿಳಿಯದ ‘ಬಾಮಾ’ ಎಂಬವನು ತುಳುನಾಡಿನ ಮನುಷ್ಯನಾದನು. ಅವನ ಮಾತು, ಅವನ ದೈವ, ಅವನ ನೆರೆಹೊರೆ ಇವುಗಳ ವಿಚಾರಕ್ಕೆ ಬಾಗಿಲು ತೆರೆಯಿತು.

ಆದರೂ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಶಾಸನಗಳಲ್ಲಿ ‘ಬೊಮ್ಮ’ ಇರುವಂತೆಯೇ ‘ಬಮ್ಮ’ವೂ ಉಂಟು. ಬಮ್ಮಗಾವುಂಡ, ಬಮ್ಮಯ್ಯ, ಬಮ್ಮರಸ ಮೊದಲಾದ ಹೆಸರುಗಳು ಶಾಸನಗಳನ್ನು ತಿರುವಿದವರಿಗೆ ಪರಿಚಿತವೇ. ಅದೂ ಬ್ರಹ್ಮದಿಂದಲೇ ಬಂದದ್ದು. ಬ್, ಮ್, ಹ್ ಎಂಬ ಮೂರಕ್ಷರಗಳು ಬಮ್ಮನಿಗೂ ಬೊಮ್ಮನಿಗೂ ಸಮನಾಗಿ ಹೊಂದುತ್ತವೆ. ಮಕಾರವು ಜೋಡಿಯೆಂಬ ತೀರ್ಮಾನವು ಬಲವಾದದ್ದು, ಏಕೆಂದರೆ ಬ್ರಹ್ಮದ ‘ಹ್ಮ’ವು ಕನ್ನಡದಲ್ಲಿ ‘ಮ್ಮ’ ಆಗಿಯೇ ನಿಲ್ಲುತ್ತದೆ; ಒಂಟಿ ಮಕಾರವಾಗುವುದಿಲ್ಲ. ನಡುವಣ ಸ್ವರವು ಒಕಾರವೇ ಎಂಬ ತೀರ್ಮಾನವು ಅಷ್ಟು ಬಲವಾದದ್ದಲ್ಲ. ಅದು ಸಂಭವನೀಯವೆಂದು ಮಾತ್ರ ಹೇಳಬಹುದು. ಮಂಗಳೂರಿನ ನೆಲದಲ್ಲಿ ನಿಂತು ನೋಡಿದವರು ಬೊಮ್ಮನನ್ನು ಆರಿಸಿದರು. ಬೇರೆ ಪತ್ರವೊಂದರಲ್ಲಿ ಯಾರಾದರೂ ಪುಣ್ಯಾತ್ಮರು ಬಕಾರದ ಮೇಲೆ ಒಂದು ಗುರುತನ್ನು ಇಟ್ಟಿದ್ದುದು ಕಂಡುಬಂದರೆ ಮಾತ್ರ ಇದರ ಪೂರ್ಣ ನಿರ್ಣಯ.

ಗುರುತು ಇಟ್ಟರೂ ತೊಂದರೆ ಪೂರ್ತಿಯಾಗಿ ತಪ್ಪುವುದಿಲ್ಲ ಎಂಬುದಕ್ಕೆ ನಮ್ಮ ಕರಾವಳಿಯೇ ಇನ್ನೊಂದು ನಿದರ್ಶನವನ್ನು ಕೊಡುತ್ತದೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನಿಗೆ ಸ್ವರಗಳ ವಿಷಯದಲ್ಲಿ ಎಚ್ಚರವಿತ್ತು. 1355ರಲ್ಲಿ ತನ್ನ ಪ್ರವಾಸವೃತ್ತಾಂತವನ್ನು ಬರೆಯಿಸುವಾಗ, ಗುರುತುಗಳನ್ನು ನಕಲುಗಾರರು ಬಿಟ್ಟುಬಿಡುತ್ತಾರೆಂದು ತಿಳಿದೇ ಇರಬೇಕು, ಎಷ್ಟೋ ಊರುಗಳ ಹೆಸರಿನ ಸ್ವರಗಳನ್ನು ಮಾತುಗಳಲ್ಲಿಯೇ ಹೇಳಿಸಿದನು: ಈ ಅಕ್ಷರಕ್ಕೆ ಅಕಾರ, ಆ ಅಕ್ಷರಕ್ಕೆ ಇಕಾರ ಎಂದು. ಮಾತುಗಳನ್ನು ನಕಲುಗಾರನು ಗೆರೆಗಳಂತೆ ಹಗುರವಾಗಿ ಬಿಡಲಾರನು. ಅವನ ‘ಮಂಜರೂರ್’ ಎಂದರೆ ನಮ್ಮ ಮಂಗಳೂರು. ‘ಫಾಕನೂರ್’ ಎಂದರೆ ಬಾರಕೂರು. ಇವೆರಡರಲ್ಲಿಯೂ ‘ಊರು’ ಎಂಬ ಭಾಗವು ಭದ್ರವಾಗಿ ಉಳಿದಿದೆ, ಏಕೆಂದರೆ ಅದರ ಊಕಾರವು ದೀರ್ಘ. ಅದಕ್ಕೆ ವಾವ್ ಎಂಬ ಅಕ್ಷರದ ಕಾವಲುಂಟು. ಶಾಮನೂರನ್ನು ಕಾಪಾಡಿದ ಅಕ್ಷರವೂ ಅದೇ.

ಹೊನ್ನಾವರಕ್ಕೆ ಮಾತ್ರ ಅಂಥ ಅದೃಷ್ಟವಿರಲಿಲ್ಲ. ಅದರ ಮೊದಲ ಸ್ವರವು ಹ್ರಸ್ವ ಒಕಾರ. ಅರೇಬಿಯ ಮೂರು ಸ್ವರಗಳಲ್ಲಿ ಅದಕ್ಕೆ ಸ್ಥಳವಿಲ್ಲ. ಇಬ್ನ್ ಬತೂತನು ಅದಕ್ಕೆ ಇಕಾರವನ್ನು ಹೇಳಿಸಿಬಿಟ್ಟನು. ಇಂಗ್ಲಿಷಿನ ಅನುವಾದಕ ಎಚ್. ಎ. ಆರ್. ಗಿಬ್ಬರು ಕನ್ನಡದ ಸರಿಯಾದ ರೂಪವನ್ನು ಪಠ್ಯದಲ್ಲಿ ತರುವುದಕ್ಕೆ ಅವಕಾಶವೇ ಇರಲಿಲ್ಲ. ಗ್ರಂಥಕಾರನೇ ಬಾಯಿಬಿಟ್ಟು ಸ್ವರವನ್ನು ಹೇಳಿರುವಾಗ ಅದನ್ನು ತಿದ್ದುವ ಅಧಿಕಾರ ಅನುವಾದಕನಿಗಿಲ್ಲ. ಆದುದರಿಂದ ಇಂಗ್ಲಿಷಿನ ಓದುಗರು ಹೊನ್ನಿನ ಆ ಊರನ್ನು ಇಂದಿಗೂ ‘ಹಿನವ್ರ್’ ಎಂದೇ ಓದುತ್ತಾರೆ.